ಹೊರಗಿನ ಅಳತೆ, ಒಳಗಿನ ನೀರು

ಅಕ್ಕನ ಮಗಳು ಮೀನಿನ ತೊಟ್ಟಿಯ ಲೆಕ್ಕವನ್ನು ತಾನೇ ಮಾಡಿಕೊಂಡು ಬಂದಿದ್ದಳು. ಉದ್ದ 90 ಸೆಂ.ಮೀ., ಅಗಲ 40, ಎತ್ತರ 45. ಮೇಲ್ಭಾಗ ತೆರೆದದ್ದಾದ್ದರಿಂದ ಆರು ಮುಖ ಬೇಡ, ಐದೇ ಸಾಕು. ತಳಕ್ಕೆ 3600 ಚದರ ಸೆಂ.ಮೀ., ಹಿಂದೆ ಮುಂದೆ ಸೇರಿ 8100, ಎರಡು ಪಕ್ಕಕ್ಕೆ 3600. ಒಟ್ಟು 15,300, ಅಂದರೆ 1.53 ಚದರ ಮೀಟರ್. ನೀರು 162 ಲೀಟರ್. ಶಾಲೆಯ ಲೆಕ್ಕವಾಗಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು.

ಗಾಜು ಕತ್ತರಿಸುವವರು ಚೀಟಿ ನೋಡಿ ಕೇಳಿದ್ದು ಒಂದೇ ಮಾತು: "ಇದು ಹೊರಗಿನ ಅಳತೆಯಾ, ಒಳಗಿನದಾ?"

ಸ್ಟ್ಯಾಂಡಿನ ಮೇಲೆ ಕೂರಬೇಕಿದ್ದರಿಂದ ಅದು ಹೊರಗಿನ ಅಳತೆ. ಗಾಜಿನ ದಪ್ಪ 8 ಮಿ.ಮೀ. ಇಬ್ಬರೂ ಅಲ್ಲೇ ಕೂತು ಮತ್ತೆ ಲೆಕ್ಕ ಹಾಕಿದೆವು. ತಳದ ಗಾಜು 90×40 ಹಾಗೇ ಉಳಿಯಿತು. ಗೋಡೆಗಳು ತಳದ ಮೇಲೆ ನಿಲ್ಲುವುದರಿಂದ ಅವುಗಳ ಎತ್ತರ 44.2. ಹಿಂದಿನ, ಮುಂದಿನ ಗಾಜು 90×44.2. ಪಕ್ಕದವು ಅವೆರಡರ ನಡುವೆ ಸೇರಿಕೊಳ್ಳಬೇಕು, ಹಾಗಾಗಿ 40 ಅಲ್ಲ, 38.4. ಇದನ್ನು ಬಿಟ್ಟು 40ಕ್ಕೇ ಕತ್ತರಿಸಿದರೆ ಒಂದು ಗೋಡೆ ತಳದಿಂದ 1.6 ಸೆಂ.ಮೀ. ಹೊರಗೆ ಚಾಚುತ್ತದೆ. ಸಿಲಿಕೋನ್ ಹಾಕುವ ಮೊದಲು ಟೇಪ್ ಅಂಟಿಸಿ ಒಮ್ಮೆ ನಿಲ್ಲಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಸಿಲಿಕೋನಿನ ದಪ್ಪವನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೊಸ ಮೊತ್ತ ಸುಮಾರು 14,950 ಚದರ ಸೆಂ.ಮೀ., ಅಂದರೆ 1.495 ಚದರ ಮೀಟರ್. ಚದರ ಮೀಟರಿಗೆ ದರ 1000 ಎಂದುಕೊಂಡರೆ ಗಾಜಿನ ಖರ್ಚು 1530ರ ಬದಲು 1495. ವ್ಯತ್ಯಾಸ ಅಷ್ಟೇ. ಅಂಚು ಉಜ್ಜುವ ಕೂಲಿಯನ್ನು ಮಾತ್ರ ಉದ್ದದ ಮೇಲೆ ಬೇರೆಯಾಗಿ ಹಿಡಿಯಬೇಕಾಗುತ್ತದೆ.

ನೀರಿನ ಲೆಕ್ಕ ಹೀಗೆ ಅಲ್ಪದರಲ್ಲಿ ಮುಗಿಯಲಿಲ್ಲ. ಒಳಗಿನ ಅಳತೆ 88.4×38.4×44.2, ಅಂದರೆ 150 ಲೀಟರ್. "ಹನ್ನೆರಡು ಲೀಟರ್ ಎಲ್ಲಿ ಹೋಯ್ತು ಮಾಮಾ?" ಎಂದಳು. ಗಾಜಿನ ವಿಸ್ತೀರ್ಣವನ್ನು ಅದರ ದಪ್ಪದಿಂದ ಗುಣಿಸಲು ಹೇಳಿದೆ. 14,950ನ್ನು 0.8ರಿಂದ ಗುಣಿಸಿದಳು: 11,960 ಘನ ಸೆಂ.ಮೀ. ಹೆಚ್ಚುಕಡಿಮೆ 12 ಲೀಟರ್! ಕಾಣೆಯಾದ ನೀರಿನ ಜಾಗದಲ್ಲಿ ಗಾಜೇ ಕೂತಿತ್ತು. ಎರಡೂ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅವಳ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು.

ಅಂಚಿನವರೆಗೆ ಯಾರೂ ನೀರು ತುಂಬುವುದಿಲ್ಲ. ಮೇಲೆ 4 ಸೆಂ.ಮೀ. ಬಿಟ್ಟರೆ ಉಳಿಯುವುದು ಸುಮಾರು 136 ಲೀಟರ್. ಅದು 136 ಕಿಲೋ ಭಾರ, ಜೊತೆಗೆ ಗಾಜಿನದೇ 30 ಕಿಲೋ. ಸ್ಟ್ಯಾಂಡ್ ಹೊರಬೇಕಾದದ್ದು ಇಷ್ಟನ್ನು, ಅದರ ಮೇಲೆ ಮರಳಿನ ತೂಕವನ್ನೂ. ಮೀನಿನ ಔಷಧಿಯನ್ನು ಲೀಟರ್ ಲೆಕ್ಕದಲ್ಲಿ ಹಾಕುವುದರಿಂದ 162 ಎಂದು ನಂಬಿ ಹಾಕಿದರೆ ಪ್ರಮಾಣ ಐದನೇ ಒಂದು ಭಾಗದಷ್ಟು ಹೆಚ್ಚಾಗುತ್ತದೆ. ಮರಳು, ಕಲ್ಲು ಹಾಕಿದ ಮೇಲೆ ನೀರು ಇನ್ನೂ ಕಡಿಮೆ. ಅದಕ್ಕೇ ಮರಳು ಹರಡಿದ ಬಳಿಕ ಅಳತೆಯ ಬಕೆಟ್ಟಿನಲ್ಲಿ ಎಣಿಸಿ ನೀರು ತುಂಬಿಸು, ಔಷಧಿಗೆ ಆ ಅಂಕಿಯನ್ನೇ ಹಿಡಿ ಎಂದು ಅವಳಿಗೆ ಹೇಳಿದೆ.