ಟೆಸ್ಟರ್ ಹಿಡಿಯುವ ಕೈ

ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಹಾಕಿಕೊಂಡಿದ್ದ ಎಲೆಕ್ಟ್ರಿಕಲ್ ಫೋರ್‌ಮನ್ ಮೇಜಿನ ಮೇಲಿದ್ದ ಟೆಸ್ಟರ್ ಎತ್ತಿಕೊಂಡರು, ಒಂದು ಕ್ಷಣ ತಮ್ಮ ವರ್ಚುವಲ್ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ಅದನ್ನು ಹಾಗೆಯೇ ಕೆಳಗಿಟ್ಟರು. ಗೋಡೆಯ ಪರದೆಯಲ್ಲಿ ನಮಗೆಲ್ಲರಿಗೂ ಅದೇ ದೃಶ್ಯ ಕಾಣುತ್ತಿತ್ತು. ಅವರು ಎರಡನೆಯ ಬಾರಿ ಎತ್ತಿಕೊಂಡಾಗ ಹೆಬ್ಬೆರಳಿನ ತುದಿ ತೋರುಬೆರಳಿನ ನಡುಗೆಣ್ಣನ್ನು ತೂರಿಕೊಂಡು ಆಚೆ ಬಂದಿದ್ದು ಸ್ಪಷ್ಟವಾಗಿ ಕಾಣಿಸಿತು. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಟೆಸ್ಟರ್‌ನ ಮೊನೆಯನ್ನು ಸಾಕೆಟ್‌ಗೆ ತಾಗಿಸಿದರು. ನಾವು ಪ್ರೋಗ್ರಾಂ ಬರೆದಿದ್ದ ಹಾಗೆಯೇ ಒಳಗಿನ ನಿಯಾನ್ ದೀಪ ಹತ್ತಿತು.

"ಈ ಥರ ಹಿಡಿದರೆ ದೀಪ ಹತ್ತೋದೇ ಇಲ್ಲವಲ್ಲ ಸರ್. ಹಿಂದಿನ ಕ್ಯಾಪ್ ಮೇಲೆ ಬೆರಳೇ ಇಲ್ಲ. ಇದನ್ನು ನೋಡಿ ಕಲಿತ ಹುಡುಗ ನಾಳೆ ಹೀಗೇ ಹಿಡಿದು, ದೀಪ ಹತ್ತಲಿಲ್ಲ, ಕರೆಂಟ್ ಇಲ್ಲ ಅಂದುಕೊಂಡು ವೈರಿಗೆ ಕೈ ಹಾಕಿದರೆ ಏನು ಮಾಡ್ತೀರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೋಣೆಯಲ್ಲಿದ್ದ ಒಂಬತ್ತು ಜನರಲ್ಲಿ ಯಾರೂ ಸುಮಾರು ಅರ್ಧ ನಿಮಿಷ ಮಾತನಾಡಲಿಲ್ಲ. ನಮ್ಮ ಮ್ಯಾನೇಜರ್ ನನ್ನ ಕಡೆ ನೋಡಿದರು. ನಾನು "ಕೊಲೈಡರ್ ಸ್ವಲ್ಪ ಸರಿಮಾಡಬೇಕು" ಎಂದೆ, ಅಂದರೆ ವಸ್ತುಗಳು ಒಂದಕ್ಕೊಂದು ತಾಗಿದ್ದನ್ನು ಪತ್ತೆಹಚ್ಚುವ ಅದೃಶ್ಯ ಕವಚವನ್ನು. ಆ ಉತ್ತರ ತಪ್ಪು ಎಂಬುದು ಹೇಳುವಾಗಲೇ ನನಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ, ಆದರೆ ನಿಜ ಹೇಳಬೇಕೆಂದರೆ ಆಗ ಗೊತ್ತಿರಲಿಲ್ಲ. ದೋಷ ಕೊಲೈಡರ್‌ನಲ್ಲಿಯೇ ಇದೆ ಎಂದು ನಂಬಿಯೇ ನಾನು ಮುಂದಿನ ಎರಡು ದಿನ ಕಳೆದೆ.

ನಾವು ಮಾಡುತ್ತಿದ್ದುದು ಕಾರ್ಖಾನೆಯೊಂದರ ವಿದ್ಯುತ್ ಸುರಕ್ಷತಾ ತರಬೇತಿ. ಕೈಗೆ ಎತ್ತಿಕೊಳ್ಳಬೇಕಾದ ವಸ್ತುಗಳು 41 ಇದ್ದವು, ಆದರೆ ಅಂದಾಜು ಪಟ್ಟಿಯಲ್ಲಿ ಹ್ಯಾಂಡ್ ಪೋಸ್‌ಗಳಿಗೆ ಕೊಟ್ಟಿದ್ದ ಸಮಯ ಒಂದೇ ದಿನ. ಒಂದೊಂದು ವಸ್ತುವಿಗೂ ಒಂದೊಂದು ಪೋಸ್ ಕೂರಿಸಲು ಒಂದು ದಿನ ಸಾಲುವುದಿಲ್ಲವಾದ್ದರಿಂದ ಮೂರೇ ಪೋಸ್ ಮಾಡಿ ಉಳಿದೆಲ್ಲವನ್ನೂ ಬ್ಲೆಂಡ್‌ನಿಂದ ಪಡೆಯೋಣ ಎಂದು ನಿರ್ಧರಿಸಿದವನು ನಾನೇ. 8 ಮಿ.ಮೀ. ವ್ಯಾಸದ ಕಡ್ಡಿಯನ್ನು ಪೆನ್ನಿನಂತೆ ಬೆರಳ ತುದಿಗಳಲ್ಲಿ ಹಿಡಿದ ಪೋಸ್ ಒಂದು, 24 ಮಿ.ಮೀ. ಉರುಳೆಯನ್ನು ಮುಷ್ಟಿಯಲ್ಲಿ ಹಿಡಿದ ಪೋಸ್ ಇನ್ನೊಂದು, 80 ಮಿ.ಮೀ. ಉರುಳೆಯನ್ನು ತಬ್ಬಿ ಹಿಡಿದ ಪೋಸ್ ಮತ್ತೊಂದು. ವಸ್ತುವಿನ ವ್ಯಾಸ ತಿಳಿದರೆ ಅದು ಯಾವ ಎರಡು ಪೋಸ್‌ಗಳ ನಡುವೆ ಬೀಳುತ್ತದೆ ಎಂದು ನೋಡಿ, ಬೆರಳಿನ ಪ್ರತಿ ಗೆಣ್ಣಿನ ತಿರುವನ್ನೂ ಅದೇ ಪ್ರಮಾಣದಲ್ಲಿ ಬೆರೆಸುವುದು ಲೆಕ್ಕ. ಕೋಡ್‌ನಲ್ಲಿ ಆ ಪ್ರಮಾಣವೇ `w`.

```csharp
float w = Mathf.InverseLerp(dThin, dThick, d);
for (int i = 0; i < joints.Length; i++)
    joints[i].localRotation =
        Quaternion.Slerp(thin[i], thick[i], w);
```

ಮೊದಲ ತಪ್ಪು ಈ ನಾಲ್ಕು ಸಾಲುಗಳಲ್ಲಿ ಇಲ್ಲದೇ ಇರುವುದರಲ್ಲಿದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಡಬ್ಬದ ವ್ಯಾಸ 66 ಮಿ.ಮೀ.; 24 ಮತ್ತು 80ರ ನಡುವೆ ಅದರ `w` ಸರಿಯಾಗಿ 0.75 ಬರುತ್ತದೆ. ಬೆರಳುಗಳು ಅಷ್ಟರಮಟ್ಟಿಗೆ ತೆರೆದುಕೊಳ್ಳುತ್ತವೆ. ಆದರೆ ಮಣಿಕಟ್ಟು ಎಲ್ಲಿರಬೇಕು ಎಂಬುದನ್ನು ನಾನು ಎರಡರಲ್ಲಿ ತೆಳು ಉರುಳೆಯ ಪೋಸ್‌ನಿಂದ ಮಾತ್ರ ತೆಗೆದುಕೊಂಡಿದ್ದೆ, ಅದನ್ನು ಬೆರೆಸಿರಲಿಲ್ಲ. ಹಿಡಿತದ ಬಿಂದು ವಸ್ತುವಿನ ನಡುಗೆರೆಯಲ್ಲಿರುವುದರಿಂದ 24 ಮಿ.ಮೀ. ಉರುಳೆಗೆ ಅಂಗೈ ಆ ಗೆರೆಯಿಂದ 12 ಮಿ.ಮೀ. ದೂರದಲ್ಲಿ ಕೂತಿತ್ತು, ಡಬ್ಬಕ್ಕೂ ಅಲ್ಲಿಯೇ ಕೂತಿತು. ಇರಬೇಕಾದದ್ದು 33 ಮಿ.ಮೀ. ದೂರದಲ್ಲಿ. ಅಂದರೆ ಅಂಗೈ ಡಬ್ಬದೊಳಗೆ 21 ಮಿ.ಮೀ. ಹೂತುಹೋಗಿತ್ತು.

ಇಷ್ಟು ದೊಡ್ಡ ದೋಷ ವಾರಗಟ್ಟಲೆ ನನ್ನ ಕಣ್ಣಿಗೆ ಬೀಳದಿರಲು ಕಾರಣವಿದೆ. ಹೆಡ್‌ಸೆಟ್‌ನೊಳಗಿನಿಂದ ನಮ್ಮ ಕೈಯನ್ನು ನೋಡುವಾಗ ಕಾಣುವುದು ಅಂಗೈಯ ಹಿಂಬದಿ ಮತ್ತು ಬೆರಳ ತುದಿಗಳು. ಅಂಗೈಯೂ ವಸ್ತುವೂ ಸೇರುವ ಜಾಗ ಯಾವಾಗಲೂ ಮರೆಯಲ್ಲೇ ಇರುತ್ತದೆ. ಅಂಗೈ ಒಳಗೆ ಹೋದಷ್ಟೂ ಬೆರಳ ತುದಿಗಳು ಆಚೆ ಬದಿಯಲ್ಲಿ ವಸ್ತುವಿನಿಂದ ದೂರ ಸರಿದು ಗಾಳಿಯಲ್ಲಿ ನಿಲ್ಲುತ್ತವೆ. ನಾನು ಅದನ್ನು ಬೆರಳಿನ ದೋಷವೆಂದು ತಿಳಿದು ಅವನ್ನು ಇನ್ನಷ್ಟು ಮಡಿಸುತ್ತಿದ್ದೆ, ಮಡಿಸಿದಾಗ ನಡುಗೆಣ್ಣುಗಳು ಡಬ್ಬದೊಳಗೆ ಮುಳುಗುತ್ತಿದ್ದವು, ಮತ್ತೆ ಬಿಡಿಸುತ್ತಿದ್ದೆ. ಮಡಿಸಿದರೂ ಬಿಡಿಸಿದರೂ ಸರಿಹೋಗದ ಬೆರಳನ್ನು ಕಂಡರೆ ಈಗ ನಾನು ಮೊದಲು ಕ್ಯಾಮೆರಾವನ್ನು ವಸ್ತುವಿನ ಒಳಗೇ ಇಟ್ಟು ಅಂಗೈ ಕಡೆಗೆ ನೋಡುತ್ತೇನೆ. ಸರಿಪಡಿಸಲು ಬೇಕಾಗಿದ್ದದ್ದು ಒಂದೇ ಸಾಲು:

```csharp
wrist.localPosition =
    Vector3.Lerp(thinWrist, thickWrist, w);
```

12ಕ್ಕೂ 40ಕ್ಕೂ ನಡುವೆ 0.75 ಎಂದರೆ 33. ತ್ರಿಜ್ಯವು ವ್ಯಾಸದ ಜೊತೆ ಸರಳರೇಖೆಯಲ್ಲಿ ಬೆಳೆಯುವುದರಿಂದ ಅಂಗೈಯ ಮಟ್ಟಿಗೆ ಈ ಲೆಕ್ಕ ಎರಡು ಉರುಳೆಗಳ ನಡುವಿನ ಎಲ್ಲಾ ಗಾತ್ರಕ್ಕೂ ಸರಿಯಾಗಿಯೇ ಬರುತ್ತದೆ.

ಬೆರಳುಗಳ ವಿಷಯ ಅಷ್ಟು ಸುಲಭವಲ್ಲ. ಉರುಳೆ ದಪ್ಪವಾದಂತೆ ಗೆಣ್ಣು ಎಷ್ಟು ಮಡಚಬೇಕು ಎಂಬುದು ಮೊದಲು ಬೇಗ ಬೇಗ ಕಡಿಮೆಯಾಗಿ, ಆಮೇಲೆ ನಿಧಾನವಾಗಿ ಕಡಿಮೆಯಾಗುತ್ತದೆ. ಗೆಣ್ಣಿಂದ ಗೆಣ್ಣಿಗೆ 25 ಮಿ.ಮೀ., ಬೆರಳಿನ ಅರ್ಧ ದಪ್ಪ 8 ಮಿ.ಮೀ. ಎಂದಿಟ್ಟುಕೊಂಡು ಕಾಗದದ ಮೇಲೆ ಲೆಕ್ಕ ಹಾಕಿದರೆ 24 ಮಿ.ಮೀ. ಉರುಳೆಗೆ ಸುಮಾರು 64 ಡಿಗ್ರಿ, 80ಕ್ಕೆ 29 ಡಿಗ್ರಿ ಬೇಕು. ನಡುವಿನ 52 ಮಿ.ಮೀ. ಗಾತ್ರಕ್ಕೆ ಬ್ಲೆಂಡ್ ಕೊಡುವುದು 46.6 ಡಿಗ್ರಿ, ನಿಜವಾಗಿ ಬೇಕಾದದ್ದು 40.4. ಒಂದೊಂದು ಗೆಣ್ಣಿನಲ್ಲೂ ಆರು ಡಿಗ್ರಿ ಹೆಚ್ಚಾದರೆ ಬೆರಳ ತುದಿಗೆ ಬರುವಷ್ಟರಲ್ಲಿ ಉಗುರಿನ ತನಕ ವಸ್ತುವಿನೊಳಗೆ ಹೋಗಿರುತ್ತದೆ. ಟಾರ್ಚ್‌ನಂಥ ವಸ್ತುವಿಗೆ ಇನ್ನೂ ಕಷ್ಟ: ಅದರ ಹಿಡಿ ತೆಳು, ತಲೆ ದಪ್ಪ, ಇಡೀ ಕೈಗೆ ಒಂದೇ `w` ಕೊಟ್ಟರೆ ಕಿರುಬೆರಳಿಗೆ ಹೊಂದಿದ್ದು ತೋರುಬೆರಳಿಗೆ ಹೊಂದುವುದಿಲ್ಲ.

ಆದ್ದರಿಂದ ಈಗ ವ್ಯಾಸದಿಂದ ಬರುವ `w` ಅಂಗೈಯನ್ನು ಕೂರಿಸಲು ಮಾತ್ರ. ಬೆರಳುಗಳನ್ನು ಪೂರ್ತಿ ಬಿಡಿಸಿದ ಪೋಸ್‌ನಿಂದ ಪೂರ್ತಿ ಮಡಚಿದ ಪೋಸ್ ಕಡೆಗೆ ಒಂದೊಂದಾಗಿ 20 ಹೆಜ್ಜೆಗಳಲ್ಲಿ ಒಯ್ಯುತ್ತೇವೆ. ಬೆರಳಿನ ಯಾವ ಭಾಗ ವಸ್ತುವಿಗೆ ತಾಗುತ್ತದೆಯೋ ಅದೂ ಅದರ ಬುಡದ ಕಡೆಯ ಗೆಣ್ಣುಗಳೂ ಅಲ್ಲಿಗೇ ನಿಲ್ಲುತ್ತವೆ, ತುದಿಯ ಕಡೆಯವು ಮಾತ್ರ ಮುಂದುವರಿಯುತ್ತವೆ. ಹೀಗೆ ಮಾಡಿದಾಗ ಬೆರಳು ವಸ್ತುವಿನ ಮೈಗೆ ಸುತ್ತಿಕೊಂಡು ಹೋಗುವುದನ್ನು ನೋಡಲು ನನಗೆ ಈಗಲೂ ಸಂತೋಷವಾಗುತ್ತದೆ. ಆಕಾರ ಬದಲಾಗದ ವಸ್ತುಗಳಿಗೆ ಇದನ್ನು ಎಡಿಟರ್‌ನಲ್ಲಿಯೇ ಒಮ್ಮೆ ಓಡಿಸಿ ಫಲಿತಾಂಶವನ್ನು ಉಳಿಸಿಡಬಹುದು. ಪ್ರತಿ ಫ್ರೇಮ್‌ಗೂ ಮಾಡುವ ಅಗತ್ಯವಿಲ್ಲ.

ಇಷ್ಟೆಲ್ಲ ಸರಿಯಾದ ಮೇಲೂ ಟೆಸ್ಟರ್ ಸರಿಯಾಗಲಿಲ್ಲ. ಅದರ ಹಿಡಿ 16 ಮಿ.ಮೀ.; ಪೆನ್ ಹಿಡಿತಕ್ಕೂ ಮುಷ್ಟಿ ಹಿಡಿತಕ್ಕೂ ಸರಿಯಾಗಿ ನಡುವೆ. ಪೆನ್ ಹಿಡಿತದಲ್ಲಿ ಹೆಬ್ಬೆರಳು ತೋರುಬೆರಳ ತುದಿಗೆ ಎದುರಾಗಿರುತ್ತದೆ, ಮುಷ್ಟಿಯಲ್ಲಿ ಅದು ಉಳಿದ ಬೆರಳುಗಳ ಮೇಲೆ ಅಡ್ಡ ಬೀಳುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವ ನೇರ ದಾರಿ ತೋರುಬೆರಳಿನ ಮೂಲಕವೇ ಹಾದುಹೋಗುತ್ತದೆ. ಮನುಷ್ಯನ ಕೈ ಆ ದಾರಿಯನ್ನು ಹಿಡಿಯುವುದಿಲ್ಲ. ಅದು ಒಂದು ಹಿಡಿತವನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ನಡುವಿನ ಆ ಅರ್ಧ ಪೋಸ್ ಯಾವ ಕೈಯದ್ದೂ ಅಲ್ಲ.

ಅಂಗರಚನಾಶಾಸ್ತ್ರಜ್ಞ ಜಾನ್ ನೇಪಿಯರ್ 1956ರಲ್ಲಿಯೇ ಕೈಯ ಹಿಡಿತಗಳನ್ನು ಬಲದ ಹಿಡಿತ, ನಿಖರತೆಯ ಹಿಡಿತ ಎಂದು ಎರಡಾಗಿ ವಿಂಗಡಿಸಿದ್ದರು. ಯಾವ ಹಿಡಿತ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ವಸ್ತುವಿನ ಆಕಾರವಲ್ಲ, ಅದರಿಂದ ಮಾಡಹೊರಟ ಕೆಲಸ ಎಂಬುದು ಅವರ ವಾದ. ಬಿಗಿಯಾಗಿ ಮುಚ್ಚಿದ ಭರಣಿಯ ಮುಚ್ಚಳವನ್ನು ಮೊದಲು ಇಡೀ ಅಂಗೈಯಿಂದ ತಿರುಗಿಸುತ್ತೇವೆ, ಸಡಿಲವಾದ ಮೇಲೆ ಬೆರಳ ತುದಿಗಳಿಂದ. ಮುಚ್ಚಳ ಅದೇ, ವ್ಯಾಸ ಅದೇ. ನಾನು ಇದನ್ನು ಓದಿದ್ದು ಡೆಮೊ ಮುಗಿದ ಮೇಲೆ. ಫೋರ್‌ಮನ್ ಅದನ್ನೇ ಟೆಸ್ಟರ್ ಕೈಯಲ್ಲಿ ಹಿಡಿದು ಆಗಲೇ ಹೇಳಿದ್ದರು. ಟೆಸ್ಟರ್‌ನಲ್ಲಿ ದೀಪ ಹತ್ತಬೇಕಾದರೆ ಕ್ಯಾಪ್‌ಗೆ ತಾಗಿದ ಬೆರಳಿನ ಮೂಲಕ ನಮ್ಮ ದೇಹವೂ ಸರ್ಕಿಟ್‌ನ ಭಾಗವಾಗಬೇಕು. ಅದು 16 ಮಿ.ಮೀ. ಎಂಬ ಸಂಖ್ಯೆಯಲ್ಲಿ ಎಲ್ಲಿಯೂ ಇಲ್ಲ.

ಆಮೇಲೆ ನಾವು ಪೋಸ್‌ಗಳನ್ನು ಹಿಡಿತದ ಜಾತಿಗೆ ತಕ್ಕಂತೆ ಬೇರ್ಪಡಿಸಿದೆವು. ಒಂದೇ ಜಾತಿಯ ಒಳಗೆ ಗಾತ್ರಕ್ಕೆ ತಕ್ಕಂತೆ ಬ್ಲೆಂಡ್ ಇದೆ, ಜಾತಿಗಳ ನಡುವೆ ಬ್ಲೆಂಡ್ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬೆರಳುಗಳು ಮೊದಲು ತೆರೆದ ಕೈಗೆ ಬಂದು, ಅಲ್ಲಿಂದ ಹೊಸ ಹಿಡಿತಕ್ಕೆ ಹೋಗುತ್ತವೆ. ಟೆಸ್ಟರ್‌ಗೆ ಪ್ರತ್ಯೇಕ ಪೋಸ್ ಮಾಡಿ ಹೆಬ್ಬೆರಳನ್ನೂ ನಡುಬೆರಳನ್ನೂ `Locked` ಮಾಡಿದೆವು, ತೋರುಬೆರಳನ್ನು ಮಾತ್ರ `Free` ಬಿಟ್ಟೆವು. ತರಬೇತಿಯ ಹುಡುಗ ತನ್ನದೇ ಬೆರಳನ್ನು ಕ್ಯಾಪ್ ಮೇಲೆ ತಂದಿಡಬೇಕು. ತರದಿದ್ದರೆ, ವೈರಿನಲ್ಲಿ ಕರೆಂಟ್ ಇದ್ದರೂ, ದೀಪ ಹತ್ತುವುದಿಲ್ಲ. ಬೆರಳನ್ನು ನಾವೇ ಅಲ್ಲಿ ಕೂರಿಸಿಬಿಟ್ಟಿದ್ದರೆ ನೋಡಲು ಇನ್ನೂ ಚೆನ್ನಾಗಿರುತ್ತಿತ್ತು, ಡೆಮೊದಲ್ಲಿ ಹಾಗೆಯೇ ಇರಲಿ ಎಂದು ಮ್ಯಾನೇಜರ್ ಒತ್ತಾಯಿಸಿದರು ಕೂಡ. ಈ ಒಂದು ವಿಷಯದಲ್ಲಿ ನಾನು ಒಪ್ಪಲಿಲ್ಲ.

ನಮ್ಮ ಪೋಸ್ ಪಟ್ಟಿಯಲ್ಲಿ ಮೊದಲ ಕಾಲಂ ಹಿಂದೆ ವ್ಯಾಸದ್ದಾಗಿತ್ತು, ಈಗ ಅಲ್ಲಿ "ಏನು ಮಾಡಲು ಹಿಡಿಯುತ್ತಾರೆ" ಎಂದಿದೆ. ಫೋರ್‌ಮನ್ ಎರಡು ಸಂಜೆ ಫೋನಿನಲ್ಲಿ ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿದುಕೊಂಡು, ಯಾವ ಬೆರಳು ಎಲ್ಲಿ ಬರುತ್ತದೆ ಎಂದು ಹೇಳಿ 35 ಸಾಲು ತುಂಬಿಸಿದರು. ಉಳಿದ ಆರು ಹೈ ವೋಲ್ಟೇಜ್ ಪ್ಯಾನೆಲ್‌ನ ಉಪಕರಣಗಳು. ಅವನ್ನು ಗ್ಲವ್ಸ್ ಹಾಕಿಕೊಂಡು ಹಿಡಿಯಬೇಕಾದ್ದರಿಂದ ಬೆರಳಿನ ದಪ್ಪದ ಲೆಕ್ಕವೇ ಬದಲಾಗುತ್ತದೆ. ಅವರ ಶಿಫ್ಟ್ ಹೊಂದಿದ ದಿನ ನಾನೇ ಪ್ಯಾನೆಲ್ ರೂಮಿಗೆ ಹೋಗಿ ನೋಡಿ ಬರುವವರೆಗೆ ಆ ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ.