ಮಧ್ಯಾಹ್ನದ ಲಾಟ್‌ಗಳಲ್ಲಷ್ಟೇ ಹೆಚ್ಚುತ್ತಿದ್ದ ಬಿಟ್ಸ್ ಮತ್ತು ಖಾಲಿ ಉಳಿದಿದ್ದ ಒಂದು ಮೂಳೆ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸ. ಕಳೆದ ಹಂಗಾಮಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇರುವ ಒಣಗಿಸಿದ ಕಾಫಿ ಬೇಳೆ, ಸುಲಿಯುವಾಗ ಒಡೆದ ಬೇಳೆ, ಅಂದರೆ ಬಿಟ್ಸ್, ಎಂದಿನ ಶೇ. 3ರ ಆಸುಪಾಸಿನಿಂದ ಕೆಲವು ಲಾಟ್‌ಗಳಲ್ಲಿ ಶೇ. 6ರವರೆಗೆ ಏರತೊಡಗಿತು. ಔಟ್‌ಟರ್ನ್, ಅಂದರೆ ಪಾರ್ಚ್‌ಮೆಂಟ್ ಸುಲಿದಾಗ ಕೈಗೆ ಸಿಗುವ ಬೇಳೆಯ ಪ್ರಮಾಣ, ಕಡಿಮೆಯಾಯಿತೆಂದು ಬೆಳೆಗಾರರು ಕಚೇರಿಗೆ ಬಂದು ಕುಳಿತ ಮೇಲೆ, ಆಡಿಟ್‌ಗೆ ಮುಂಚೆ ಒಂದು ಫಿಶ್‌ಬೋನ್, ಅಂದರೆ ದೋಷವನ್ನು ಮೀನಿನ ತಲೆಯಾಗಿ, ಅದರ ಸಂಭವನೀಯ ಕಾರಣಗಳನ್ನು ಮೂಳೆಗಳಾಗಿ ಬಿಡಿಸುವ ಚಿತ್ರ, ತಯಾರಾಗಬೇಕೆಂದು ಮ್ಯಾನೇಜರ್ ಆದೇಶಿಸಿದರು. ಕಾರಣ ಸಿಗಬೇಕೆಂದಲ್ಲ, ಫೈಲಿನಲ್ಲಿ ಚಿತ್ರವಿರಬೇಕೆಂದು.

ಮೀನಿನ ತಲೆಯಲ್ಲಿ ‘ಬಿಟ್ಸ್ ಹೆಚ್ಚು’ ಎಂದು ಬರೆದು, ಮನುಷ್ಯ, ಯಂತ್ರ, ಮಾಲು, ವಿಧಾನ, ಅಳತೆ, ಪರಿಸರ ಎಂಬ ಆರು ಮೂಳೆಗಳನ್ನು ಎಳೆದೆವು. ಅರ್ಧ ಗಂಟೆಯಲ್ಲಿ ಮನುಷ್ಯ ಮತ್ತು ಯಂತ್ರದ ಮೂಳೆಗಳು ತುಂಬಿ ತುಳುಕಿದವು: ಹೊಸ ಆಳುಗಳು, ಅವಸರ, ಸುಲಿಯುವ ಯಂತ್ರವಾದ ಪೀಲರ್‌ನ ಸವೆದ ಚಾಕು, ಬಿಗಿಯಾದ ಅಂತರ. ಕಣದ ಮೇಸ್ತ್ರಿಯತ್ತ ನೋಡಿ ಮ್ಯಾನೇಜರ್ “ನಿಮ್ಮವರು ಸರಿಯಾಗಿ ಒಣಗಿಸುತ್ತಿಲ್ಲ” ಎಂದಾಗ ಕೋಣೆ ಬಿಗಿಯಾಯಿತು. ಮೇಸ್ತ್ರಿ ತಲೆ ತಗ್ಗಿಸದೆ, “ಮೀಟರ್ ಹತ್ತು ತೋರಿಸೋವರೆಗೂ ಒಣಗಿಸ್ತೀವಿ ಸಾರ್. ಆ ಮೀಟರೋ, ಮಧ್ಯಾಹ್ನ ಒಂದು ಹೇಳುತ್ತೆ, ಬೆಳಿಗ್ಗೆ ಇನ್ನೊಂದು ಹೇಳುತ್ತೆ” ಎಂದರು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ತೇವಾಂಶ ಅಳೆಯುವ ಆ ಮೀಟರ್ ನಮ್ಮ ವಿಭಾಗದ್ದು, ಅದರ ಮೇಲೆ ಕ್ಯಾಲಿಬ್ರೇಷನ್ ಚೀಟಿ ಇತ್ತು. ಆದ್ದರಿಂದ ಅಳತೆಯ ಮೂಳೆ ಖಾಲಿಯೇ ಉಳಿಯಿತು. ಕಾರಣಗಳ ಕಡ್ಡಿಗಳು ಹೆಚ್ಚಿದ್ದ ಯಂತ್ರದ ಮೂಳೆಯೇ ಅಪರಾಧಿ ಎಂದು ತೀರ್ಮಾನಿಸಿ ಪೀಲರ್‌ನ ಅಂತರ ಸಡಿಲಿಸಿದರು. ಸುಲಿಯದ ಪಾರ್ಚ್‌ಮೆಂಟ್ ಹೆಚ್ಚಾಗಿ ಮತ್ತೆ ಪೀಲರ್‌ಗೆ ಹಾಕಬೇಕಾಯಿತೇ ಹೊರತು ಬಿಟ್ಸ್ ಇಳಿಯಲಿಲ್ಲ.

ಆ ಮೇಲೆ ಚಿತ್ರವನ್ನು ಮೀನಿನ ತಲೆಯಿಂದಲೇ ತಿದ್ದಬೇಕಾಯಿತು. ಲಾಟ್ ರಿಜಿಸ್ಟರ್ ಹಿಡಿದು ಬಿಟ್ಸ್ ಪ್ರಮಾಣವನ್ನು ಯಂತ್ರವಾರು, ಶಿಫ್ಟ್‌ವಾರು, ಒಣಗಿಸಿ ತೆಗೆದ ವೇಳೆವಾರು ಬೇರ್ಪಡಿಸಿದಾಗ, ಏರಿಕೆ ಎರಡೂ ಪೀಲರ್‌ಗಳಲ್ಲಿ ಇತ್ತು. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಅಳೆದು ತೆಗೆದ ಲಾಟ್‌ಗಳಲ್ಲಿ ಮಾತ್ರ. ರಾತ್ರಿ ರಾಶಿಯಲ್ಲಿ ತಣಿದು ಬೆಳಿಗ್ಗೆ ಅಳೆಯಲಾದ ಲಾಟ್‌ಗಳು ಎಂದಿನಂತೆಯೇ ಇದ್ದವು. ಮೀನಿನ ತಲೆಯಲ್ಲಿ ಈಗ ‘ಮಧ್ಯಾಹ್ನದ ಬಿಸಿಲಲ್ಲಿ ಅಳೆದು ತೆಗೆದ ಲಾಟ್‌ಗಳಲ್ಲಿ ಮಾತ್ರ ಬಿಟ್ಸ್ ಹೆಚ್ಚು’ ಎಂಬ ಪೂರ್ಣ ವಾಕ್ಯ ಬಂತು. ನಿಜವಾದ ಕಾರಣವೆನಿಸಿಕೊಳ್ಳುವುದು ದೋಷ ಇರುವ ಕಡೆಯನ್ನಷ್ಟೇ ಅಲ್ಲ, ಇಲ್ಲದ ಕಡೆಯನ್ನೂ ವಿವರಿಸಬೇಕು. ಸವೆದ ಚಾಕು ಬೆಳಗಿನ ಲಾಟನ್ನು ಬಿಟ್ಟು ಮಧ್ಯಾಹ್ನದ್ದನ್ನು ಮಾತ್ರ ಒಡೆಯಲಾರದು; ಎರಡೂ ಬಗೆಯ ಲಾಟ್‌ಗಳನ್ನು ಸುಲಿದ ಆಳುಗಳು ಅವರೇ. ಹೀಗೆ ಒಂದೊಂದೇ ಕಡ್ಡಿ ಕಳಚಿ ಬಿದ್ದು, ಮಾಲಿನ ಮೂಳೆಯಲ್ಲಿ ‘ಅತಿಯಾಗಿ ಒಣಗಿದ ಬೇಳೆ’ ಎಂಬುದೊಂದು ಉಳಿಯಿತು. ಪಾರ್ಚ್‌ಮೆಂಟ್‌ನ ತೇವಾಂಶ ಶೇ. 10ಕ್ಕಿಂತ ಬಹಳ ಕೆಳಗಿಳಿದರೆ ಬೇಳೆ ಗಡಸಾಗಿ ಪೀಲರ್‌ನಲ್ಲಿ ಚೂರಾಗುತ್ತದೆ. ಆದರೆ ಅತಿಯಾಗಿ ಒಣಗಿದ್ದೇಕೆ ಎಂದು ಕೇಳಿದೊಡನೆ ಉತ್ತರ ಆ ಖಾಲಿ ಮೂಳೆಗೆ ಹಾರಿತು.

ನಮ್ಮದು ಬೇಳೆಯ ವಿದ್ಯುತ್ ಗುಣವನ್ನು ಅಳೆದು ತೇವಾಂಶ ತೋರಿಸುವ ಮೀಟರ್. ಉಷ್ಣತೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ವ್ಯವಸ್ಥೆ ಅದರಲ್ಲಿಲ್ಲ. ಬೇಳೆ ಬಿಸಿಯಾಗಿದ್ದರೆ ಇಂಥ ಮೀಟರ್ ಇರುವುದಕ್ಕಿಂತ ಹೆಚ್ಚು ತೇವಾಂಶ ತೋರಿಸುತ್ತದೆ. ಕ್ಯಾಲಿಬ್ರೇಷನ್ ನಡೆದದ್ದು ಫ್ಯಾನಿನಡಿ, ತಣ್ಣನೆಯ ಮಾದರಿಯ ಮೇಲೆ. ಚೀಟಿ ಸುಳ್ಳಲ್ಲ, ಕಣದ ಬಿಸಿಲಿಗೆ ಅದು ಅನ್ವಯಿಸುತ್ತಿರಲಿಲ್ಲ ಅಷ್ಟೆ. ಪರೀಕ್ಷೆಗೆಂದು ಕಣದ ಮಾದರಿಯನ್ನು ಬಿಸಿಯಾಗಿದ್ದಾಗಲೇ ಅಳೆದೆ: 10.2. ಅದನ್ನೇ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟು, ತಣಿದ ಮೇಲೆ ಅಳೆದರೆ 9.1. ಡಬ್ಬಿ ಮುಚ್ಚಿದ್ದರಿಂದ ತೇವ ಹೊರಹೋಗಿರಲು ಸಾಧ್ಯವಿರಲಿಲ್ಲ. ಅದೇ ಮಾದರಿಯನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ಗಂಟೆ ಓವನ್‌ನಲ್ಲಿಟ್ಟು ತೂಕದ ಇಳಿಕೆ ನೋಡಿದಾಗಲೂ ಫಲಿತಾಂಶ ತಣ್ಣನೆಯ ಓದಿನ ಹತ್ತಿರವೇ ಬಂತು. ಮೇಸ್ತ್ರಿ ಸಭೆಯಲ್ಲಿ ಹೇಳಿದ್ದು ಇದನ್ನೇ.

ಈ ಚಿತ್ರದ ಒಂದು ಕೊರತೆಯೂ ಇಲ್ಲಿ ಕಂಡಿತು. ಒಂದು ಮೂಳೆಯ ಕಾರಣ ಇನ್ನೊಂದು ಮೂಳೆಯಲ್ಲಿ ಬೇರು ಬಿಟ್ಟಿದ್ದರೆ ಅದನ್ನು ತೋರಿಸಲು ಚಿತ್ರದಲ್ಲಿ ಜಾಗವಿಲ್ಲ. ಬಿಸಿಲು, ಮೀಟರ್, ಒಣಬೇಳೆ ಈ ಮೂರನ್ನು ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಜೋಡಿಸಬೇಕಾಯಿತು. ಕಡ್ಡಿಗಳ ಸಂಖ್ಯೆ ಸಭೆಯಲ್ಲಿ ಯಾರು ಹೆಚ್ಚು ಮಾತನಾಡಿದರೆಂಬುದನ್ನು ಹೇಳುತ್ತದೆ, ಕಾರಣದ ಬಲವನ್ನಲ್ಲ. ಹಾಗಾಗಿ ಈಗ ಪ್ರತಿ ಕಡ್ಡಿಯ ಪಕ್ಕದಲ್ಲಿ ಅದನ್ನು ಯಾರು, ಹೇಗೆ ಪರೀಕ್ಷಿಸಿದರು ಎಂದು ಬರೆಯುತ್ತೇವೆ. ಖಾಲಿ ಉಳಿದ ಮೂಳೆಯನ್ನು ಮೊದಲು ನೋಡುತ್ತೇವೆ.

ಮಾದರಿಯನ್ನು ಡಬ್ಬಿಯಲ್ಲಿ ತಣಿಸಿಯೇ ಅಳೆಯತೊಡಗಿದ ಮೇಲೆ ಮಧ್ಯಾಹ್ನದ ಲಾಟ್‌ಗಳ ಬಿಟ್ಸ್ ಬೆಳಗಿನವುಗಳ ಮಟ್ಟಕ್ಕೆ ಇಳಿಯಿತು. ಉಷ್ಣತೆ ತಿದ್ದಿಕೊಳ್ಳುವ ಮೀಟರ್‌ಗೆ ಕೊಟ್ಟ ಇಂಡೆಂಟ್ ಮಾತ್ರ ‘ಹಳೆಯದು ಕ್ಯಾಲಿಬ್ರೇಷನ್‌ನಲ್ಲಿ ಪಾಸಾಗಿದೆ’ ಎಂಬ ಷರಾದೊಂದಿಗೆ ವಾಪಸ್ಸು ಬಂದಿದೆ. ಆಡಿಟ್ ಫೈಲಿನಲ್ಲಿರುವುದು ಮೊದಲ ಚಿತ್ರವೇ, ಏಕೆಂದರೆ ಅದನ್ನು ಆಗಲೇ ಲ್ಯಾಮಿನೇಟ್ ಮಾಡಿಸಿಯಾಗಿತ್ತು.