ಮೀಟಪ್‌ನಲ್ಲಿ ಜೋಡಿ ಹಾಕುವ ಪ್ರೋಗ್ರಾಂ: ಯಾರು ಮೊದಲು ಕೇಳಬೇಕು?

ನಮ್ಮ ತಿಂಗಳ ಮೀಟಪ್‌ನ ಕೊನೆಯ ಒಂದು ಗಂಟೆಯಲ್ಲಿ ಕಲಿಯಲು ಬಂದವರೊಬ್ಬರು ಕಲಿಸುವವರೊಬ್ಬರ ಜೊತೆ ಕೂತು ಕೆಲಸ ಮಾಡುತ್ತಾರೆ. ಇಷ್ಟು ದಿನ ಚೀಟಿ ಎತ್ತಿ ಜೋಡಿ ಹಾಕುತ್ತಿದ್ದೆವು. ಈಗ ಎರಡೂ ಕಡೆಯವರಿಂದ ಇಷ್ಟದ ಕ್ರಮ ಬರೆಸಿಕೊಂಡು ಜೋಡಿ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕಲಿಯುವವರು ತಮ್ಮ ಪ್ರಾಜೆಕ್ಟ್ ಬಗ್ಗೆ ನಾಲ್ಕು ಸಾಲು ಬರೆದುಕೊಡುತ್ತಾರೆ, ಅದನ್ನು ಓದಿ ಮೆಂಟರ್‌ಗಳೂ ತಮ್ಮ ಕ್ರಮ ಹೇಳುತ್ತಾರೆ. ಕೋಡ್ ಓಡುತ್ತಿದೆ. ಆದರೆ ಅದು ಕೊಡುವ ಜೋಡಿಗಳು ಎರಡೂ ಕಡೆಗೆ ನ್ಯಾಯವಾಗಿವೆಯೇ ಎಂಬುದೇ ಈ ವಾರವೆಲ್ಲ ತಲೆಯಲ್ಲಿದ್ದ ಪ್ರಶ್ನೆ.

ವಿಧಾನ ಗಣಿತಜ್ಞರಾದ ಗೇಲ್ ಮತ್ತು ಶ್ಯಾಪ್ಲಿ 1962ರಲ್ಲಿ ಪ್ರಕಟಿಸಿದ್ದು. ಕಲಿಯುವ ಪ್ರತಿಯೊಬ್ಬರೂ ತಮ್ಮ ಮೊದಲ ಆಯ್ಕೆಯ ಮೆಂಟರ್‌ರನ್ನು ಕೇಳುತ್ತಾರೆ. ಮೆಂಟರ್ ಬಂದವರಲ್ಲಿ ತಮಗೆ ಹೆಚ್ಚು ಇಷ್ಟವಾದವರನ್ನು ಹಿಡಿದಿಟ್ಟುಕೊಂಡು ಉಳಿದವರನ್ನು ಕಳಿಸುತ್ತಾರೆ. ಹಿಡಿದಿಟ್ಟಿದ್ದೂ ತಾತ್ಕಾಲಿಕವೇ, ಇನ್ನೂ ಒಳ್ಳೆಯವರು ಬಂದರೆ ಬಿಟ್ಟುಕೊಡಬಹುದು. ವಾಪಸ್ ಬಂದವರು ಪಟ್ಟಿಯ ಮುಂದಿನ ಹೆಸರನ್ನು ಕೇಳುತ್ತಾರೆ. ಕೇಳುವವರು ಯಾರೂ ಉಳಿಯದಾಗ ಮುಗಿಯಿತು. ಆಮೇಲೆ ಯಾವ ಇಬ್ಬರೂ ‘ನಮ್ಮ ಜೋಡಿ ಬಿಟ್ಟು ನಾವಿಬ್ಬರೇ ಕೂರೋಣ’ ಎಂದು ಒಟ್ಟಿಗೆ ಎದ್ದು ಬರುವ ಹಾಗಿರುವುದಿಲ್ಲ. ಜೋಡಣೆ ಸ್ಥಿರ ಎನ್ನುವುದು ಇದಕ್ಕೇ.

ತೊಡಕೇನೆಂದರೆ, ಒಂದೇ ಪಟ್ಟಿಗಳಿಗೆ ಹಲವು ಸ್ಥಿರ ಜೋಡಣೆಗಳಿರಬಹುದು, ಕೇಳುವ ಕಡೆಯವರಿಗೆ ಅವುಗಳಲ್ಲಿ ಅತ್ಯುತ್ತಮವಾದದ್ದೇ ಸಿಗುತ್ತದೆ. ಪರೀಕ್ಷೆಗೆ ಮಾಡಿಕೊಂಡ ಚಿಕ್ಕ ಪಟ್ಟಿ ನೋಡಿ, ಮೆಂಟರ್‌ಗಳನ್ನು ಅವರು ಕಲಿಸುವ ವಿಷಯದ ಹೆಸರಿನಿಂದಲೇ ಕರೆದಿದ್ದೇನೆ:

```python
kali = {"ವಿದ್ಯಾರ್ಥಿನಿ": ["ಪೈಥಾನ್", "ವೆಬ್", "ಫಾಂಟ್"],
        "ಮೇಷ್ಟ್ರು": ["ವೆಬ್", "ಫಾಂಟ್", "ಪೈಥಾನ್"],
        "ಲೈಬ್ರೇರಿಯನ್": ["ಫಾಂಟ್", "ಪೈಥಾನ್", "ವೆಬ್"]}
kalisu = {"ಪೈಥಾನ್": ["ಮೇಷ್ಟ್ರು", "ಲೈಬ್ರೇರಿಯನ್", "ವಿದ್ಯಾರ್ಥಿನಿ"],
          "ವೆಬ್": ["ಲೈಬ್ರೇರಿಯನ್", "ವಿದ್ಯಾರ್ಥಿನಿ", "ಮೇಷ್ಟ್ರು"],
          "ಫಾಂಟ್": ["ವಿದ್ಯಾರ್ಥಿನಿ", "ಮೇಷ್ಟ್ರು", "ಲೈಬ್ರೇರಿಯನ್"]}
```

ಕಲಿಯುವವರು ಕೇಳಿದರೆ ಮೊದಲ ಸುತ್ತಿನಲ್ಲೇ ಎಲ್ಲ ಮುಗಿಯುತ್ತದೆ: ಮೂವರಿಗೂ ಮೊದಲ ಆಯ್ಕೆ, ಮೂವರು ಮೆಂಟರ್‌ಗಳಿಗೂ ಕೊನೆಯದು. ಮೆಂಟರ್‌ಗಳು ಕೇಳಿದರೆ ಪೂರ್ತಿ ಉಲ್ಟಾ. ಇವೆರಡರ ನಡುವೆ ಮೂರನೆಯದೊಂದಿದೆ: ವಿದ್ಯಾರ್ಥಿನಿ ವೆಬ್‌ಗೆ, ಮೇಷ್ಟ್ರು ಫಾಂಟ್‌ಗೆ, ಲೈಬ್ರೇರಿಯನ್ ಪೈಥಾನ್‌ಗೆ. ಆರು ಜನಕ್ಕೂ ಎರಡನೆಯ ಆಯ್ಕೆ. ಇದೂ ಸ್ಥಿರವೇ. ವಿದ್ಯಾರ್ಥಿನಿಗೆ ಪೈಥಾನ್ ಬೇಕು, ಆದರೆ ಪೈಥಾನ್ ಮೆಂಟರ್‌ಗೆ ಆಕೆ ಕೊನೆಯವಳು, ಕೈಯಲ್ಲಿರುವ ಲೈಬ್ರೇರಿಯನ್ ಬಿಟ್ಟು ಬರುವುದಿಲ್ಲ. ಉಳಿದ ಇಬ್ಬರದೂ ಇದೇ ಕಥೆ. ನನಗೆ ಬೇಕಿದ್ದದ್ದು ಇಂಥದ್ದು. ಗೇಲ್–ಶ್ಯಾಪ್ಲಿಯನ್ನು ಯಾವ ಕಡೆಯಿಂದ ಓಡಿಸಿದರೂ ಇದು ಸಿಗುವುದಿಲ್ಲ.

ಅದನ್ನು ಹುಡುಕಲು ನೇರ ದಾರಿಯನ್ನೇ ಹಿಡಿದೆ. ಮೀಟಪ್‌ನಲ್ಲಿ ಆರು ಜೋಡಿ ಇದ್ದರೆ ಸಾಧ್ಯವಿರುವ ಜೋಡಣೆಗಳು 720 ಮಾತ್ರ. ಎಲ್ಲವನ್ನೂ ತಿರುವಿಹಾಕಿ ಸ್ಥಿರವಾದವನ್ನು ಎತ್ತಿಡುವುದು ಕ್ಷಣದ ಕೆಲಸ. ನಂತರ ಪ್ರತಿ ಕಲಿಯುವವರಿಗೂ ಆ ಸ್ಥಿರ ಜೋಡಣೆಗಳಲ್ಲಿ ಸಿಕ್ಕ ಮೆಂಟರ್‌ಗಳನ್ನು ಇಷ್ಟದ ಕ್ರಮದಲ್ಲಿ ಇಟ್ಟು (ಒಬ್ಬರೇ ಎರಡು ಸಲ ಬಂದಿದ್ದರೆ ಎರಡು ಸಲವೂ ಎಣಿಸಿ) ನಟ್ಟನಡುವಿನವರನ್ನು ಕೊಡುತ್ತೇನೆ. ಹೀಗೆ ಬೇರೆಬೇರೆ ಆರಿಸಿದರೂ ಇಬ್ಬರಿಗೆ ಒಬ್ಬರೇ ಮೆಂಟರ್ ಬರುವುದಿಲ್ಲ, ಬಂದ ಜೋಡಣೆ ಸ್ಥಿರವಾಗಿಯೇ ಇರುತ್ತದೆ. ಇದು ಸಾಬೀತಾದ ಫಲಿತಾಂಶ, ನನಗಂತೂ ಈ ವಿಷಯದಲ್ಲಿ ಅತಿ ಸುಂದರವಾದದ್ದು. ಸ್ಥಿರ ಜೋಡಣೆಗಳ ಸಂಖ್ಯೆ ಸಮವಾಗಿದ್ದರೆ ನಡುವಿನವು ಎರಡಿರುತ್ತವೆ, ಆಗ ನಾಣ್ಯ ಚಿಮ್ಮುತ್ತೇವೆ. ಹತ್ತು ಜೋಡಿ ಆದರೆ 36 ಲಕ್ಷಕ್ಕೂ ಹೆಚ್ಚು ಜೋಡಣೆಗಳು, ಅಲ್ಲಿಗೆ ಈ ದಾರಿ ಭಾರವಾಗುತ್ತದೆ.

ಇದಕ್ಕೆ ಬೆಲೆಯೂ ಇದೆ. ಕಲಿಯುವವರು ಕೇಳುವ ಮೂಲ ವಿಧಾನದಲ್ಲಿ ಅವರಿಗೆ ಸುಳ್ಳು ಪಟ್ಟಿಯಿಂದ ಲಾಭವಿಲ್ಲ. ನಡುವಿನದನ್ನು ಆರಿಸಿದರೆ ಆ ರಕ್ಷಣೆ ಹೋಗುತ್ತದೆ. ಮೇಲಿನ ಪಟ್ಟಿಯಲ್ಲಿ ವಿದ್ಯಾರ್ಥಿನಿ ‘ಪೈಥಾನ್’ ಒಂದನ್ನೇ ಬರೆದು ಉಳಿದವರು ಬೇಡ ಎಂದರೆ, ಸ್ಥಿರವಾಗಿ ಉಳಿಯುವುದು ಮೊದಲನೆಯ ಜೋಡಣೆ ಒಂದೇ, ಆಕೆಗೆ ಪೈಥಾನ್ ಸಿಕ್ಕೇ ಸಿಗುತ್ತದೆ. ಹಾಗಾಗಿ ಫಾರ್ಮಿನಲ್ಲಿ ಎಲ್ಲ ಹೆಸರಿಗೂ ಕ್ರಮ ಹಾಕದೆ ಸಬ್‌ಮಿಟ್ ಆಗದಂತೆ ಮಾಡಿದ್ದೇನೆ, ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಕಾಣಿಸುವುದೂ ಇಲ್ಲ. ಕ್ರಮವನ್ನೇ ತಿರುಚುವ ಸಾಧ್ಯತೆ ಇನ್ನೂ ಇದೆ, ಆದರೆ ಅದಕ್ಕೆ ಬೇರೆಯವರ ಪಟ್ಟಿ ಚೆನ್ನಾಗಿ ಗೊತ್ತಿರಬೇಕು.

ಮುಂದಿನ ಕೆಲಸ, ಕಲಿಯುವವರು ಒಬ್ಬರು ಹೆಚ್ಚಿರುವ ದಿನದ್ದು. ಯಾವ ಸ್ಥಿರ ಜೋಡಣೆ ತೆಗೆದುಕೊಂಡರೂ ಹೊರಗುಳಿಯುವವರು ಅದೇ ಒಬ್ಬರು, ಕೇಳುವ ಕಡೆ ಬದಲಿಸಿದರೂ ಅವರಿಗೆ ಉಪಯೋಗವಿಲ್ಲ. ಅದಕ್ಕೇ ಪಟ್ಟಿಯ ಜೊತೆ ‘ಇಬ್ಬರನ್ನು ಕೂರಿಸಿಕೊಳ್ಳಬಲ್ಲೆ’ ಎಂಬ ಒಂದು ಟಿಕ್ ಬಾಕ್ಸನ್ನು ಮೆಂಟರ್‌ಗಳ ಫಾರ್ಮಿಗೆ ಸೇರಿಸುತ್ತಿದ್ದೇನೆ. ಟಿಕ್ ಮಾಡಿದವರನ್ನು ಪ್ರೋಗ್ರಾಂ ಎರಡು ಜಾಗವಿರುವ ಒಬ್ಬರೆಂದು ಎಣಿಸುತ್ತದೆ.